ವಾಚು ಲಯ ತಪ್ಪಿದೆ ಎಂದಿತು, ಇಸಿಜಿ ಸರಿಯಿದೆ ಎಂದಿತು

ವಿಷಯ ಸ್ಪಷ್ಟವಾಗಲೆಂದು ಶಿವಮೊಗ್ಗದಲ್ಲಿರುವ 68 ವರ್ಷದ ಒಬ್ಬ ನಿವೃತ್ತ ಶಿಕ್ಷಕಿಯನ್ನು ಕಲ್ಪಿಸಿಕೊಳ್ಳೋಣ. ಅವರಿಗೆ ಹತ್ತು ವರ್ಷಗಳಿಂದ ಬಿಪಿ ಇದೆ, ದಿನಕ್ಕೊಂದು ಮಾತ್ರೆಯಲ್ಲಿ ಅದು ಹತೋಟಿಯಲ್ಲಿದೆ. ನ್ಯೂಜೆರ್ಸಿಯಲ್ಲಿರುವ ಮಗ ದೀಪಾವಳಿಗೆ ಬಂದಾಗ ಅವರ ಕೈಗೆ ಸ್ಮಾರ್ಟ್ ವಾಚೊಂದನ್ನು ಕಟ್ಟಿ, ಹೃದಯ ಸಂಬಂಧಿ ಸೂಚನೆಗಳನ್ನೆಲ್ಲ ಚಾಲೂ ಮಾಡಿ ಹೋಗಿದ್ದಾನೆ. ಒಂದು ರಾತ್ರಿ ಊಟ ಮುಗಿಸಿ ಸುಮ್ಮನೆ ಕುಳಿತಿದ್ದಾಗ ವಾಚು ನಡುಗುತ್ತದೆ. ನಾಡಿಯ ಲಯ ಪದೇ ಪದೇ ಏರುಪೇರಾಗಿರುವುದು ಕಂಡುಬಂದಿದೆ, ಇದು ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು, ವೈದ್ಯರನ್ನು ಕಾಣಿರಿ ಎಂಬ ಅರ್ಥದ ಒಂದು ಸಂದೇಶ ಪರದೆಯ ಮೇಲಿದೆ. ಅವರಿಗೆ ಎದೆನೋವಿಲ್ಲ, ಏದುಸಿರಿಲ್ಲ, ತಲೆ ಸುತ್ತುತ್ತಿಲ್ಲ. ಮರುದಿನ ಬೆಳಿಗ್ಗೆ ಹತ್ತಿರದ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆಸುತ್ತಾರೆ. ಅದು ಸಂಪೂರ್ಣ ಸಹಜವಾಗಿದೆ. "ಇಸಿಜಿ ಚೆನ್ನಾಗಿದೆ ಮೇಡಂ, ವಾಚು ಹೇಳೋದನ್ನೆಲ್ಲ ತಲೆಗೆ ಹಚ್ಕೋಬೇಡಿ" ಎಂದು ವೈದ್ಯರು ಸಮಾಧಾನ ಹೇಳಿ ಕಳುಹಿಸುತ್ತಾರೆ.

ಈ ಸಮಾಧಾನ ಸರಿಯೇ ಎಂಬುದು ಈ ಲೇಖನದ ಪ್ರಶ್ನೆ. ಸೂಚನೆ ಬಂದಾಗ ಗಾಬರಿಯಾಗುವುದರಿಂದ ಆಗುವ ಹಾನಿಯ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಆದರೆ ಒಂದು ಸಹಜ ಇಸಿಜಿಯನ್ನು ಹಿಡಿದು ವಿಷಯವನ್ನು ಅಲ್ಲಿಗೇ ಮುಗಿಸುವುದರಿಂದ ಆಗಬಹುದಾದ ಹಾನಿ ಅದಕ್ಕಿಂತ ಗಂಭೀರವಾದದ್ದು ಎಂಬುದು ನನ್ನ ಅಭಿಪ್ರಾಯ. ಅದು ಹೇಗೆಂದು ತಿಳಿಯಲು ಈ ಕಾಯಿಲೆಯ ಸ್ವಭಾವವನ್ನೂ ವಾಚು ನಿಜಕ್ಕೂ ಏನನ್ನು ನೋಡುತ್ತದೆ ಎಂಬುದನ್ನೂ ಒಟ್ಟಿಗೆ ಗಮನಿಸಬೇಕು.

ಆರೋಗ್ಯವಂತ ಹೃದಯದಲ್ಲಿ ಬಲ ಹೃತ್ಕರ್ಣದ ಮೇಲ್ಭಾಗದಿಂದ ಹೊರಡುವ ಒಂದೊಂದು ವಿದ್ಯುತ್ ಸಂದೇಶಕ್ಕೆ ಮೇಲಿನ ಎರಡು ಕೋಣೆಗಳು, ಅಂದರೆ ಹೃತ್ಕರ್ಣಗಳು, ಒಮ್ಮೆ ಸಂಕುಚಿಸುತ್ತವೆ. ಅದರ ಬೆನ್ನಿಗೇ ಕೆಳಗಿನ ಹೃತ್ಕುಕ್ಷಿಗಳು ಸಂಕುಚಿಸಿ ರಕ್ತವನ್ನು ತಳ್ಳುತ್ತವೆ. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಹೃತ್ಕರ್ಣಗಳ ಗೋಡೆಯ ತುಂಬ ನಿಮಿಷಕ್ಕೆ 300ರಿಂದ 600ರಷ್ಟು ಅಸ್ತವ್ಯಸ್ತ ವಿದ್ಯುತ್ ಅಲೆಗಳು ಓಡಾಡುತ್ತಿರುತ್ತವೆ, ಹಾಗಾಗಿ ಆ ಕೋಣೆಗಳು ಸಂಕುಚಿಸುವ ಬದಲು ಸುಮ್ಮನೆ ಅದುರುತ್ತವೆ. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ಕಾವಲಿರುವ ಗಂಟು ಆ ಅಲೆಗಳಲ್ಲಿ ಕೆಲವನ್ನು ಮಾತ್ರ, ಅದೂ ಯಾವ ಕ್ರಮವೂ ಇಲ್ಲದೆ, ಕೆಳಕ್ಕೆ ಬಿಡುತ್ತದೆ. ಅದರಿಂದಾಗಿ ಮಣಿಕಟ್ಟಿನಲ್ಲಿ ನಾಡಿ ಹಿಡಿದು ನೋಡಿದರೆ ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ಇರುವ ಅಂತರ ಪ್ರತಿ ಸಲವೂ ಬೇರೆಯಾಗಿರುತ್ತದೆ. ನಾಲ್ಕು ಬಡಿತಕ್ಕೊಮ್ಮೆ ತಪ್ಪುವುದು ಎಂಬಂತಹ ಯಾವ ಲೆಕ್ಕಾಚಾರವೂ ಅದರಲ್ಲಿ ಸಿಗುವುದಿಲ್ಲ.

ನಾಡಿ ತಪ್ಪುವುದಷ್ಟೇ ಆಗಿದ್ದರೆ ಇದಕ್ಕೆ ಇಷ್ಟು ಮಹತ್ವ ಕೊಡಬೇಕಾಗಿರಲಿಲ್ಲ. ಅದುರುತ್ತಿರುವ ಎಡ ಹೃತ್ಕರ್ಣದ ಒಂದು ಸಣ್ಣ ಚೀಲದಂತಹ ಮೂಲೆಯಲ್ಲಿ ರಕ್ತ ನಿಧಾನವಾಗಿ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿಕೊಂಡು ಮೆದುಳಿನ ರಕ್ತನಾಳವನ್ನು ಸೇರಿದರೆ ಪಾರ್ಶ್ವವಾಯು ಆಗುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದಲ್ಲಿ ಈ ಲಯದೋಷ ಇರುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು ಹೆಚ್ಚು ಎಂದು ಕಂಡುಬಂದಿತ್ತು. ಎಷ್ಟೋ ಜನರಲ್ಲಿ ಇದು ಆರಂಭದ ವರ್ಷಗಳಲ್ಲಿ ಬಂದು ಹೋಗುವ ಕಾಯಿಲೆಯಾಗಿರುತ್ತದೆ. ಕೆಲವು ಗಂಟೆ ಇದ್ದು ತಾನಾಗಿ ನಿಂತು, ವಾರಗಟ್ಟಲೆ ಹೃದಯ ಸರಿಯಾದ ಲಯದಲ್ಲೇ ಇದ್ದು, ಮತ್ತೆ ಮರಳುತ್ತದೆ. ಆ ನಡುವಿನ ದಿನಗಳಲ್ಲಿ ತೆಗೆದ ಇಸಿಜಿ ಸಹಜವಾಗಿರುವುದೇ ಸಹಜ. ಆ ಕಾಗದ ಹೇಳುವುದು ಅದು ಮುದ್ರಣವಾದ ಹತ್ತು ಸೆಕೆಂಡುಗಳ ಕಥೆಯನ್ನು ಮಾತ್ರ, ಹಿಂದಿನ ರಾತ್ರಿಯದ್ದನ್ನಲ್ಲ.

ಇನ್ನು ವಾಚಿನ ಕಡೆಗೆ ಬರೋಣ. ಅದರ ಹಿಂಬದಿಯ ಹಸಿರು ದೀಪಗಳು ಚರ್ಮದೊಳಕ್ಕೆ ಬೆಳಕು ಬಿಡುತ್ತವೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನ ಸಣ್ಣ ರಕ್ತನಾಳಗಳು ತುಂಬಿದಾಗ ರಕ್ತ ಹೆಚ್ಚು ಬೆಳಕನ್ನು ಹೀರಿಕೊಳ್ಳುತ್ತದೆ, ಮರಳುವ ಬೆಳಕು ಆ ಹೊತ್ತಿಗೆ ಕಡಿಮೆಯಾಗುತ್ತದೆ. ಆ ಏರಿಳಿತದಿಂದ ಬಡಿತಗಳ ನಡುವಿನ ಅಂತರವನ್ನು ಲೆಕ್ಕ ಹಾಕಲಾಗುತ್ತದೆ. ಅಂದರೆ ವಾಚು ನೋಡುವುದು ನಾಡಿಯನ್ನೇ ಹೊರತು ಹೃದಯದ ವಿದ್ಯುತ್ತನ್ನಲ್ಲ. ಕೈ ಅಲ್ಲಾಡಿದರೆ ಅಥವಾ ಪಟ್ಟಿ ಸಡಿಲವಾಗಿದ್ದರೆ ಅಳತೆ ಕೆಡುತ್ತದೆ. ಆದ್ದರಿಂದಲೇ ಅದು ವ್ಯಕ್ತಿ ನಿಶ್ಚಲವಾಗಿರುವ ಹೊತ್ತನ್ನು ಆರಿಸಿಕೊಂಡು ಆಗಾಗ ಮಾತ್ರ ನೋಡುತ್ತದೆ. ಆಪಲ್ ವಾಚಿನ ಅಧ್ಯಯನದಲ್ಲಿ ಬಳಸಿದ ಕ್ರಮ ಹೀಗಿತ್ತು: ಒಂದು ನಿಮಿಷದ ಅಳತೆಯಲ್ಲಿ ಲಯ ತಪ್ಪಿದೆ ಎನಿಸಿದರೆ ಅಳತೆಗಳನ್ನು ಹೆಚ್ಚು ಬೇಗ ಬೇಗ ಮಾಡಲಾಗುತ್ತಿತ್ತು, 48 ಗಂಟೆಗಳ ಒಳಗೆ ಆರರಲ್ಲಿ ಐದು ಅಳತೆಗಳು ಹಾಗೆಯೇ ಬಂದರೆ ಮಾತ್ರ ಸೂಚನೆ ಹೋಗುತ್ತಿತ್ತು. ಫಿಟ್‌ಬಿಟ್ ಅಧ್ಯಯನದಲ್ಲಿ ಕನಿಷ್ಠ ಅರ್ಧ ಗಂಟೆಯಷ್ಟು ಕಾಲ ಲಯ ಒಂದೇ ಸಮನೆ ತಪ್ಪಿರಬೇಕಾಗಿತ್ತು. ನಮ್ಮ ಶಿಕ್ಷಕಿಗೆ ಬಂದ ಸಂದೇಶ ಒಂದು ಕ್ಷಣದ ತಪ್ಪು ಬಡಿತವನ್ನು ನೋಡಿ ಬಂದದ್ದಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಹಾಗೆಯೇ, ಸೂಚನೆ ಬಾರದೇ ಇದ್ದ ಮಾತ್ರಕ್ಕೆ ಲಯದೋಷ ಇಲ್ಲವೆಂದೂ ಹೇಳಲಾಗದು, ಏಕೆಂದರೆ ವಾಚು ನೋಡದ ಹೊತ್ತೇ ದಿನದಲ್ಲಿ ಹೆಚ್ಚು.

ಹಾಗಾದರೆ ಈ ಸೂಚನೆಯನ್ನು ಎಷ್ಟು ನಂಬಬಹುದು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ನಡೆಸಿ 2019ರಲ್ಲಿ ಪ್ರಕಟಿಸಿದ ಆಪಲ್ ಹಾರ್ಟ್ ಸ್ಟಡಿಯಲ್ಲಿ 4,19,297 ಮಂದಿ ಭಾಗವಹಿಸಿದ್ದರು. ಅವರಲ್ಲಿ 2,161 ಮಂದಿಗೆ, ಅಂದರೆ ಇನ್ನೂರಕ್ಕೆ ಒಬ್ಬರಂತೆ, ಸೂಚನೆ ಬಂದಿತು. ಹಾಗೆ ಸೂಚನೆ ಬಂದವರಿಗೆ ಎದೆಗೆ ಅಂಟಿಸಿಕೊಳ್ಳುವ ಇಸಿಜಿ ಪಟ್ಟಿಯನ್ನು ಅಂಚೆಯಲ್ಲಿ ಕಳುಹಿಸಲಾಯಿತು. ಅದನ್ನು ಧರಿಸಿ, ಓದಲು ಬರುವಂತೆ ಮರಳಿಸಿದ 450 ಮಂದಿಯಲ್ಲಿ ಶೇ 34ರಷ್ಟು ಜನರಲ್ಲಿ ಮಾತ್ರ ಏಟ್ರಿಯಲ್ ಫಿಬ್ರಿಲೇಷನ್ ಕಂಡುಬಂದಿತು. ಈ ಒಂದು ಅಂಕಿಯನ್ನು ಎತ್ತಿಕೊಂಡು ಮೂರರಲ್ಲಿ ಎರಡು ಸೂಚನೆಗಳು ಸುಳ್ಳು ಎಂದು ಹೇಳುವವರು ಇದ್ದಾರೆ. ಅದು ಸರಿಯಾದ ಓದಲ್ಲ. ಆ ಪಟ್ಟಿಯನ್ನು ಜನ ಅಂಟಿಸಿಕೊಂಡದ್ದು ಸೂಚನೆ ಬಂದು ಸರಾಸರಿ ಹದಿಮೂರು ದಿನಗಳ ನಂತರ, ಅದೂ ಹೆಚ್ಚೆಂದರೆ ಒಂದು ವಾರದ ಮಟ್ಟಿಗೆ. ಬಂದು ಹೋಗುವ ಕಾಯಿಲೆಯನ್ನು ಎರಡು ವಾರ ಬಿಟ್ಟು ಹುಡುಕಿದರೆ ಸಿಗದಿರುವುದು ಆಶ್ಚರ್ಯವಲ್ಲ. ಪಟ್ಟಿ ಎದೆಯ ಮೇಲಿದ್ದಾಗಲೇ ವಾಚು ಮತ್ತೊಮ್ಮೆ ಸೂಚನೆ ಕೊಟ್ಟ ಸಂದರ್ಭಗಳನ್ನು ಪ್ರತ್ಯೇಕವಾಗಿ ನೋಡಿದಾಗ, ಅವುಗಳಲ್ಲಿ ಶೇ 84ರಷ್ಟು ಸಲ ಇಸಿಜಿಯಲ್ಲೂ ಅದೇ ಹೊತ್ತಿಗೆ ಏಟ್ರಿಯಲ್ ಫಿಬ್ರಿಲೇಷನ್ ಇತ್ತು. 2022ರಲ್ಲಿ ಪ್ರಕಟವಾದ ಫಿಟ್‌ಬಿಟ್ ಅಧ್ಯಯನದಲ್ಲೂ ಇದೇ ಚಿತ್ರ ಕಾಣುತ್ತದೆ: ನಂತರ ಧರಿಸಿದ ಪಟ್ಟಿಯಲ್ಲಿ ಸುಮಾರು ಶೇ 32, ಏಕಕಾಲದಲ್ಲಿ ಹೋಲಿಸಿದಾಗ ಶೇ 98.

ಎರಡು ಅಂಕಿಗಳ ನಡುವಿನ ಈ ಕಂದಕವೇ ಶಿಕ್ಷಕಿಯ ಸಹಜ ಇಸಿಜಿಯ ವಿವರಣೆ. ವಾಚಿನ ಸೂಚನೆ ಮತ್ತು ಬೆಳಗಿನ ಇಸಿಜಿ ಒಂದನ್ನೊಂದು ಸುಳ್ಳು ಮಾಡುತ್ತಿಲ್ಲ. ಅವು ಎರಡು ಬೇರೆ ಬೇರೆ ಹೊತ್ತಿನ ಸಾಕ್ಷಿಗಳು.

ಆದರೆ ಎಲ್ಲರ ವಿಷಯದಲ್ಲೂ ಸೂಚನೆಗೆ ಒಂದೇ ತೂಕವಿಲ್ಲ. ನಾಡಿ ತಪ್ಪಲು ಬೇರೆ ಕಾರಣಗಳೂ ಇವೆ. ಸರದಿಗೆ ಮುಂಚೆಯೇ ಬೀಳುವ ಬಿಡಿ ಬಡಿತಗಳು ಬಹಳ ಜನರಲ್ಲಿರುತ್ತವೆ, ಅವು ದಟ್ಟವಾಗಿ ಬಂದಾಗ ವಾಚಿಗೆ ಗೊಂದಲವಾಗಬಹುದು. ಚಿಕ್ಕ ವಯಸ್ಸಿನವರಲ್ಲಿ ಉಸಿರಿನ ಜೊತೆಗೆ ನಾಡಿ ಏರಿಳಿಯುವುದೂ ಸಹಜ. ಇದನ್ನು ಒಂದು ಲೆಕ್ಕದ ಮೂಲಕ ನೋಡೋಣ, ಇಲ್ಲಿನ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಮೂವತ್ತರ ಆಸುಪಾಸಿನ ಹತ್ತು ಸಾವಿರ ಜನರಲ್ಲಿ ಹತ್ತು ಮಂದಿಗೆ ಈ ಲಯದೋಷ ಇದೆ ಎನ್ನೋಣ. ವಾಚು ಇದ್ದವರಲ್ಲಿ ಹತ್ತಕ್ಕೆ ಏಳು ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಸಾವಿರಕ್ಕೆ ಇಬ್ಬರಿಗೆ ತಪ್ಪಾಗಿ ಸೂಚನೆ ಕೊಡುತ್ತದೆ ಎಂದಿಟ್ಟುಕೊಂಡರೆ, ಸೂಚನೆ ಬಂದ 27 ಮಂದಿಯಲ್ಲಿ ನಿಜವಾದವರು ಏಳೇ ಮಂದಿ. ಅದೇ ವಾಚನ್ನು ಎಪ್ಪತ್ತರ ಆಸುಪಾಸಿನ ಹತ್ತು ಸಾವಿರ ಜನರಿಗೆ ಕಟ್ಟಿ, ಅವರಲ್ಲಿ ಐನೂರು ಮಂದಿಗೆ ಲಯದೋಷ ಇದೆ ಎಂದುಕೊಂಡರೆ, ಸೂಚನೆ ಬಂದ 369 ಮಂದಿಯಲ್ಲಿ 350 ಮಂದಿಯದ್ದು ನಿಜ. ವಾಚು ಬದಲಾಗಲಿಲ್ಲ, ಅದನ್ನು ಕಟ್ಟಿಕೊಂಡವರ ವಯಸ್ಸು ಬದಲಾಯಿತು. ಆದ್ದರಿಂದ ಬೆಂಗಳೂರಿನ 34 ವರ್ಷದ ಸಾಫ್ಟ್‌ವೇರ್ ಉದ್ಯೋಗಿಗೆ ಬಂದ ಸೂಚನೆಯನ್ನೂ ಶಿವಮೊಗ್ಗದ 68 ವರ್ಷದ ತಾಯಿಗೆ ಬಂದ ಸೂಚನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಮೊದಲಿನವರು ಪರೀಕ್ಷೆ ಮಾಡಿಸಿಕೊಳ್ಳಬೇಕು, ಆದರೆ ಕಾಯಿಲೆ ಇಲ್ಲದಿರುವ ಸಾಧ್ಯತೆಯೇ ಅವರಲ್ಲಿ ಹೆಚ್ಚು. ಎರಡನೆಯವರಲ್ಲಿ ಒಂದು ಸಹಜ ಇಸಿಜಿ ಆ ಅನುಮಾನವನ್ನು ತೊಳೆದುಹಾಕಲು ಸಾಲದು.

ಈಗ ಸೂಚನೆ ಬಂದ ರಾತ್ರಿಗೆ ಮರಳೋಣ. ಆ ಕ್ಷಣದಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು ವಾಚಿನ ಬಗ್ಗೆ ಅಲ್ಲ, ಮೈಯ ಬಗ್ಗೆ. ಎದೆನೋವು ಅಥವಾ ಎದೆಬಿಗಿತ, ಕುಳಿತಲ್ಲೇ ಏದುಸಿರು, ಕಣ್ಣು ಕತ್ತಲೆ ಬಂದು ಬೀಳುವಂತಾಗುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಬೆಳಗಿನವರೆಗೆ ಕಾಯಬಾರದು. ಬಾಯಿ ಒಂದು ಪಕ್ಕಕ್ಕೆ ವಾಲಿದರೆ, ಒಂದು ಕೈ ಅಥವಾ ಕಾಲಿನ ಬಲ ಹೋದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಅಂಥ ಹೊತ್ತಿನಲ್ಲಿ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಸೌಲಭ್ಯ ಇರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ, ಅದೂ ಬೇಗ ಕೊಟ್ಟಷ್ಟು ಒಳ್ಳೆಯದು. ಬೇರೆ ತೊಂದರೆ ಇಲ್ಲದಿದ್ದರೂ ವಿಶ್ರಾಂತಿಯಲ್ಲಿ ನಾಡಿ 120ರ ಮೇಲೆಯೇ ನಿಂತುಬಿಟ್ಟಿದ್ದರೆ ಅದೇ ದಿನ ವೈದ್ಯರನ್ನು ಕಾಣುವುದು ಒಳ್ಳೆಯದು. ಇವು ಯಾವುವೂ ಇಲ್ಲದಿದ್ದರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾಗಿಲ್ಲ, ಒಂದೆರಡು ದಿನಗಳೊಳಗೆ ವೈದ್ಯರ ಭೇಟಿಯಾದರೆ ಸಾಕು.

ಆದರೆ ಆ ರಾತ್ರಿಯೇ ಮಾಡಬೇಕಾದ, ಮರುದಿನ ಮಾಡಲಾಗದ ಒಂದು ಕೆಲಸವಿದೆ. ಕೆಲವು ವಾಚುಗಳಲ್ಲಿ ನಾಡಿಯ ಸೂಚನೆಯ ಜೊತೆಗೆ ಇಸಿಜಿ ತೆಗೆಯುವ ಸೌಲಭ್ಯವೂ ಇರುತ್ತದೆ. ಇವೆರಡೂ ಬೇರೆ ಬೇರೆ. ಹಿಂದಿನದ್ದು ಬೆಳಕಿನಿಂದ ನಾಡಿಯನ್ನು ಅಳೆಯುವಂಥದ್ದು, ಇದು ಎರಡು ಕೈಗಳ ನಡುವೆ ಹೃದಯದ ವಿದ್ಯುತ್ತನ್ನೇ ಮೂವತ್ತು ಸೆಕೆಂಡು ದಾಖಲಿಸುವಂಥದ್ದು. ಲಯ ತಪ್ಪಿರುವಾಗಲೇ ಇದನ್ನು ತೆಗೆದರೆ ಮರುದಿನದ ಸಹಜ ಇಸಿಜಿ ಹೇಳಲಾಗದ್ದನ್ನು ಈ ದಾಖಲೆ ಹೇಳುತ್ತದೆ. ಕುರ್ಚಿಯಲ್ಲಿ ಕುಳಿತು, ವಾಚು ಕಟ್ಟಿದ ಕೈಯನ್ನು ಮೇಜಿನ ಮೇಲೆ ಸಡಿಲವಾಗಿ ಇಟ್ಟು, ಇನ್ನೊಂದು ಕೈಯ ಬೆರಳನ್ನು ಗುಂಡಿಯ ಮೇಲೆ ಹಗುರವಾಗಿ ಇಡಬೇಕು. ಮಾತನಾಡಬಾರದು. ವಯಸ್ಸಾದವರ ಒಣ ಚರ್ಮದಲ್ಲಿ ಸಂಪರ್ಕ ಸರಿಯಾಗದೆ ಗೆರೆ ಕಲಕಿಹೋಗುವುದುಂಟು, ಬೆರಳಿಗೆ ಸ್ವಲ್ಪ ನೀರು ಸವರಿಕೊಂಡು ಒರೆಸಿ ಮತ್ತೆ ಪ್ರಯತ್ನಿಸಬಹುದು. ಪರದೆಯಲ್ಲಿ Sinus Rhythm ಎಂದು ಬಂದರೆ ಆ ಅರ್ಧ ನಿಮಿಷದಲ್ಲಿ ಲಯ ಸರಿಯಿತ್ತು ಎಂದಷ್ಟೇ ಅರ್ಥ. Inconclusive ಎಂದು ಬಂದರೆ ತೀರ್ಮಾನಿಸಲಾಗಲಿಲ್ಲ ಎಂದೇ ಹೊರತು ಏನೂ ಇಲ್ಲ ಎಂದಲ್ಲ. ಯಂತ್ರ ಕೊಡುವ ಹೆಸರಿಗಿಂತ ಆ ಗೆರೆಯೇ ಮುಖ್ಯವಾದ್ದರಿಂದ ಪಿಡಿಎಫ್ ರೂಪದಲ್ಲಿ ಅದನ್ನು ಉಳಿಸಿಕೊಳ್ಳಬೇಕು. ಪರದೆಯ ಫೋಟೊದಲ್ಲಿ ಗೆರೆಯ ಸಣ್ಣ ಅಲೆಗಳು ಸರಿಯಾಗಿ ಕಾಣುವುದಿಲ್ಲ. ಇನ್ನೊಂದು ಮಾತು: ಈ ಒಂದೇ ಗೆರೆಯ ಇಸಿಜಿಯಿಂದ ಹೃದಯಾಘಾತವನ್ನು ಪತ್ತೆ ಹಚ್ಚಲಾಗದು. ಎದೆ ನೋಯುತ್ತಿರುವಾಗ ವಾಚು ಸರಿಯಿದೆ ಎಂದಿತೆಂದು ಮನೆಯಲ್ಲಿ ಉಳಿಯುವುದು ಅಪಾಯಕರ.

ವಾಚಿನಲ್ಲಿ ಇಸಿಜಿ ಇಲ್ಲದಿದ್ದರೆ ಬೆರಳುಗಳಿವೆ. ಹೆಬ್ಬೆರಳಿನ ಬುಡದ ನೇರಕ್ಕೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ, ಎಷ್ಟು ಬಡಿತ ಮತ್ತು ಅಂತರ ಸಮವಾಗಿತ್ತೇ ಇಲ್ಲವೇ ಎಂದು ಬರೆದಿಟ್ಟುಕೊಳ್ಳಬಹುದು. ಸೂಚನೆ ಬಂದ ಸಮಯ, ಆಗ ಏನು ಮಾಡುತ್ತಿದ್ದರು, ಹಿಂದಿನ ದಿನ ಜ್ವರ, ನಿದ್ರೆಗೇಡು ಅಥವಾ ಮದ್ಯಪಾನ ಇತ್ತೇ, ಯಾವ ಮಾತ್ರೆಗಳು ನಡೆಯುತ್ತಿವೆ ಎಂಬ ನಾಲ್ಕು ಸಾಲುಗಳು ವೈದ್ಯರಿಗೆ ಬಹಳ ಉಪಯೋಗಕ್ಕೆ ಬರುತ್ತವೆ.

ಇಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಒಂದು ತಪ್ಪನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಹೃದಯ ಎಂದ ಕೂಡಲೇ ಔಷಧದ ಡಬ್ಬಿಯಲ್ಲಿರುವ ಆಸ್ಪಿರಿನ್ ಮಾತ್ರೆಯನ್ನು, ಅಂದರೆ ಬಹಳ ಮಂದಿ ಇಕೋಸ್ಪ್ರಿನ್ ಎಂದೇ ಕರೆಯುವುದನ್ನು, ರಕ್ತ ತೆಳುವಾಗಲಿ ಎಂದು ನುಂಗಿಬಿಡುವವರಿದ್ದಾರೆ. ಆಸ್ಪಿರಿನ್ ತಡೆಯುವುದು ರಕ್ತದ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು. ಹೃದಯಾಘಾತದಲ್ಲಿ, ವೇಗವಾಗಿ ಹರಿಯುವ ರಕ್ತನಾಳದೊಳಗೆ, ಅದು ಬಹಳ ಉಪಯುಕ್ತ. ಆದರೆ ಅದುರುವ ಹೃತ್ಕರ್ಣದ ಮೂಲೆಯಲ್ಲಿ ನಿಂತ ರಕ್ತದಲ್ಲಿ ಹೆಪ್ಪುಗಟ್ಟುವ ಬಗೆ ಬೇರೆ, ಅದನ್ನು ತಡೆಯಲು ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನೇ ನಿಗ್ರಹಿಸುವ ಔಷಧ ಬೇಕು. ಏಟ್ರಿಯಲ್ ಫಿಬ್ರಿಲೇಷನ್ ಇದ್ದು, ಇಂಥ ಹಳೆಯ ಔಷಧವಾದ ವಾರ್ಫರಿನ್ ತೆಗೆದುಕೊಳ್ಳಲಾಗದವರಲ್ಲಿ ಈ ಬಗೆಯ ಹೊಸ ಔಷಧ ಏಪಿಕ್ಸಾಬಾನ್ ಮತ್ತು ಆಸ್ಪಿರಿನ್‌ಗಳನ್ನು ಹೋಲಿಸಿದ ಆವೆರೋಸ್ ಎಂಬ ಪ್ರಯೋಗದಲ್ಲಿ ಏಪಿಕ್ಸಾಬಾನ್ ಪಾರ್ಶ್ವವಾಯುವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು, ಗಂಭೀರ ರಕ್ತಸ್ರಾವದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಆಸ್ಪಿರಿನ್ ನಿರುಪದ್ರವಿ ಎಂಬ ನಂಬಿಕೆಯೂ ಸರಿಯಲ್ಲ, ಅದು ಕಾಪಾಡುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಬೇರೆ ಕಾರಣಕ್ಕೆ, ಉದಾಹರಣೆಗೆ ಸ್ಟೆಂಟ್ ಹಾಕಿಸಿಕೊಂಡದ್ದಕ್ಕೆ, ವೈದ್ಯರು ಬರೆದುಕೊಟ್ಟಿರುವ ಆಸ್ಪಿರಿನ್ ಅನ್ನು ತಾವೇ ನಿಲ್ಲಿಸುವುದೂ ತಪ್ಪು. ಸೂಚನೆಯನ್ನು ನೋಡಿ ಹೊಸದಾಗಿ ಆರಂಭಿಸುವುದು ಮಾತ್ರ ಬೇಡ.

ನಮ್ಮ ಶಿಕ್ಷಕಿಯ ಕಥೆಯನ್ನು ಈಗ ಹೀಗೆ ಮುಂದುವರಿಸೋಣ. ಸೂಚನೆ ಬಂದ ರಾತ್ರಿ ಅವರು ಮಗನಿಗೆ ಫೋನ್ ಮಾಡುತ್ತಾರೆ. "ಅಮ್ಮ, ಗಾಬರಿ ಆಗ್ಬೇಡ, ಕೂತ್ಕೊಂಡು ಒಂದು ಇಸಿಜಿ ತೆಗಿ" ಎಂದು ಅವನು ವಿಡಿಯೊ ಕರೆಯಲ್ಲಿ ತೋರಿಸಿಕೊಡುತ್ತಾನೆ. ಮೊದಲನೆಯದರಲ್ಲಿ Inconclusive, ಎರಡನೆಯದರಲ್ಲಿ Atrial Fibrillation ಎಂದು ಬರುತ್ತದೆ, ಬಡಿತ ನಿಮಿಷಕ್ಕೆ 96. ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಅವರು ಈ ಪಿಡಿಎಫ್ ತೋರಿಸಿರಲಿಲ್ಲ, ವಾಚು ಏನೋ ಹೇಳಿತು ಎಂದಷ್ಟೇ ಹೇಳಿದ್ದರು. ಎರಡು ದಿನದ ನಂತರ ಮಗನ ಒತ್ತಾಯಕ್ಕೆ ಹೃದ್ರೋಗ ತಜ್ಞರ ಬಳಿಗೆ ಹೋದಾಗ ಆ ಗೆರೆ ಅವರ ಕೈಸೇರುತ್ತದೆ. ತಜ್ಞರು ನೋಡುವುದು ಎರಡು ವಿಷಯಗಳನ್ನು: ದೊಡ್ಡ ಅಲೆಗಳ ನಡುವಿನ ಅಂತರದಲ್ಲಿ ಯಾವ ಕ್ರಮವೂ ಇಲ್ಲ, ಮತ್ತು ಪ್ರತಿ ದೊಡ್ಡ ಅಲೆಯ ಮುಂಚೆ ಇರಬೇಕಾದ ಪಿ ಎಂಬ ಪುಟ್ಟ ಅಲೆ ಕಾಣುತ್ತಿಲ್ಲ. ಯುರೋಪಿನ ಹೃದ್ರೋಗ ತಜ್ಞರ ಸಂಘದ ಮಾರ್ಗಸೂಚಿಯಂತೆ ಮೂವತ್ತು ಸೆಕೆಂಡುಗಳ ಒಂದೇ ಗೆರೆಯ ಇಸಿಜಿಯನ್ನೂ ವೈದ್ಯರು ಓದಿ ದೃಢಪಡಿಸಿದರೆ ರೋಗನಿರ್ಣಯಕ್ಕೆ ಸಾಕು. ಬೆಳಕಿನಿಂದ ಅಳೆದ ನಾಡಿಯ ಸೂಚನೆ ಮಾತ್ರ ಇದ್ದರೆ ಅದು ಸಾಲದು.

ಆ ಗೆರೆ ಇರದಿದ್ದರೆ ಏನು ಮಾಡಬೇಕಿತ್ತು? ಆಗ ಹುಡುಕಾಟ ಮುಂದುವರಿಯಬೇಕಿತ್ತು. ಇಪ್ಪತ್ತನಾಲ್ಕು ಗಂಟೆ ಮೈಮೇಲಿದ್ದು ಇಸಿಜಿ ದಾಖಲಿಸುವ ಹೋಲ್ಟರ್ ಸಾಧನ ಬಹಳಷ್ಟು ಹೃದಯ ಕ್ಲಿನಿಕ್ಕುಗಳಲ್ಲಿ ಸಿಗುತ್ತದೆ, ಆದರೆ ಎರಡು ವಾರಕ್ಕೊಮ್ಮೆ ಬರುವ ಲಯದೋಷ ಆ ಒಂದು ದಿನದಲ್ಲಿ ಸಿಕ್ಕಿಬೀಳುವುದು ಅದೃಷ್ಟದ ಮಾತು. ಏಳರಿಂದ ಹದಿನಾಲ್ಕು ದಿನ ಎದೆಗೆ ಅಂಟಿಸಿಕೊಳ್ಳುವ ಪಟ್ಟಿ ದೊಡ್ಡ ನಗರಗಳಲ್ಲಿ ಲಭ್ಯವಿದೆ, ಸಿಗುವುದಾದರೆ ಅದೇ ಮೇಲು. "ಹೋಲ್ಟರ್‌ನಲ್ಲಿ ಏನೂ ಬರಲಿಲ್ಲ, ಆದರೆ ಇನ್ನೊಮ್ಮೆ ಸೂಚನೆ ಬಂದರೆ ಹೊತ್ತು ಗೊತ್ತು ನೋಡದೆ ತಕ್ಷಣ ಬಂದು ಇಸಿಜಿ ತೆಗೆಸಿ" ಎಂದು ಹೇಳಿ ಕಳುಹಿಸುವ ವೈದ್ಯರು ಸರಿಯಾದ ಕೆಲಸ ಮಾಡುತ್ತಿದ್ದಾರೆ. ಬಾಗಿಲು ಮುಚ್ಚಿಬಿಡುವ ಸಮಾಧಾನಕ್ಕೂ ಬಾಗಿಲು ತೆರೆದಿಡುವ ಈ ಮಾತಿಗೂ ಇರುವ ವ್ಯತ್ಯಾಸ ದೊಡ್ಡದು.

ಲಯದೋಷ ಖಚಿತವಾದ ಮೇಲೆ ಅದು ಏಕೆ ಬಂದಿದೆ ಎಂದು ನೋಡಬೇಕು. ಥೈರಾಯ್ಡ್ ಹೆಚ್ಚಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಟಿಎಸ್‌ಎಚ್, ಜೊತೆಗೆ ಹಿಮೋಗ್ಲೋಬಿನ್, ಸಕ್ಕರೆ, ಸೋಡಿಯಂ, ಪೊಟಾಸಿಯಂ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಗಳನ್ನು ಮಾಡಿಸುತ್ತಾರೆ. ಜೋರಾಗಿ ಗೊರಕೆ ಹೊಡೆಯುವವರಲ್ಲಿ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆಯೇ ಎಂದೂ ವಿಚಾರಿಸುತ್ತಾರೆ. ಇವೆಲ್ಲಕ್ಕಿಂತ ನಮ್ಮ ದೇಶದಲ್ಲಿ ಮುಖ್ಯವಾದದ್ದು ಶಬ್ದತರಂಗಗಳಿಂದ ಹೃದಯದ ಕವಾಟ, ಕೋಣೆಗಳನ್ನು ನೋಡುವ ಎಕೋ ಪರೀಕ್ಷೆ. ವಾಚಿನ ಬಗೆಗಿನ ದೊಡ್ಡ ಅಧ್ಯಯನಗಳೆಲ್ಲ ರುಮ್ಯಾಟಿಕ್ ಜ್ವರ ವಿರಳವಾಗಿರುವ ದೇಶಗಳವು, ಅಥವಾ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದವು. ನಮ್ಮಲ್ಲಿ ಬಾಲ್ಯದಲ್ಲಿ ಗಂಟಲು ಬೇನೆಯ ಬೆನ್ನಿಗೆ ಕೀಲು ನೋವು, ಜ್ವರ ಬಂದು ಹೋಗಿ, ಅದರಿಂದ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಗೊತ್ತಿಲ್ಲದಂತೆ ಕಿರಿದಾಗುತ್ತ ಬಂದಿರುವವರು ಇನ್ನೂ ಬಹಳ ಮಂದಿ ಇದ್ದಾರೆ, ಮತ್ತು ಅಂಥವರಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಚಿಕ್ಕ ವಯಸ್ಸಿಗೇ ಕಾಣಿಸಿಕೊಳ್ಳುತ್ತದೆ. ಮೂವತ್ತೆಂಟರ ಹೆಂಗಸೊಬ್ಬರಿಗೆ ಮಹಡಿ ಹತ್ತಿದರೆ ಉಸಿರು ಹಿಡಿಯುತ್ತಿದ್ದು, ವಾಚೂ ಸೂಚನೆ ಕೊಟ್ಟಿದ್ದರೆ, ಚಿಕ್ಕ ವಯಸ್ಸು ಎಂಬ ಮೇಲಿನ ಲೆಕ್ಕದ ಸಮಾಧಾನ ಅವರಿಗೆ ಅನ್ವಯಿಸುವುದಿಲ್ಲ.

ಕವಾಟ ಕಿರಿದಾಗಿದೆಯೇ ಇಲ್ಲವೇ ಎಂಬುದರ ಮೇಲೆ ಔಷಧವೇ ಬದಲಾಗುತ್ತದೆ. ರುಮ್ಯಾಟಿಕ್ ಹೃದ್ರೋಗ ಮತ್ತು ಏಟ್ರಿಯಲ್ ಫಿಬ್ರಿಲೇಷನ್ ಎರಡೂ ಇರುವವರಲ್ಲಿ ಹೊಸ ಔಷಧವಾದ ರಿವರೋಕ್ಸಾಬಾನ್ ಅನ್ನು ವಾರ್ಫರಿನ್ ಬಳಗದ ಹಳೆಯ ಔಷಧಗಳ ಜೊತೆ ಹೋಲಿಸಿದ ಇನ್ವಿಕ್ಟಸ್ ಪ್ರಯೋಗ 2022ರಲ್ಲಿ ಪ್ರಕಟವಾಯಿತು, ಅದರಲ್ಲಿ ಭಾರತದ ರೋಗಿಗಳೂ ಇದ್ದರು. ಹಳೆಯ ಔಷಧ ತೆಗೆದುಕೊಂಡವರಲ್ಲಿ ಸಾವು ಕಡಿಮೆ ಇತ್ತು. ಆದ್ದರಿಂದ ಕವಾಟ ಗಣನೀಯವಾಗಿ ಕಿರಿದಾದವರಿಗೆ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ತಿಳಿಸುವ ಐಎನ್ಆರ್ ಪರೀಕ್ಷೆ ಮಾಡಿಸುತ್ತ ತೆಗೆದುಕೊಳ್ಳುವ ವಾರ್ಫರಿನ್ ಅಥವಾ ಅದೇ ಬಳಗದ ಎಸಿಟ್ರೋಮ್ ಇಂದಿಗೂ ಸರಿಯಾದ ಆಯ್ಕೆ. ಎಕೋ ಮಾಡಿಸದೆ, ಯಾರೋ ಪರಿಚಿತರು ಹೇಳಿದರೆಂದು ಹೊಸ ಮಾತ್ರೆಗಳನ್ನು ಆರಂಭಿಸುವುದು ಏಕೆ ತಪ್ಪೆಂಬುದು ಇದರಿಂದ ತಿಳಿಯುತ್ತದೆ.

ಶಿಕ್ಷಕಿಯ ಎಕೋದಲ್ಲಿ ಕವಾಟಗಳು ಸರಿಯಾಗಿವೆ, ಎಡ ಹೃತ್ಕರ್ಣ ಸ್ವಲ್ಪ ಹಿಗ್ಗಿದೆ, ಅದು ಹಳೆಯ ಬಿಪಿಯ ಗುರುತು. ಥೈರಾಯ್ಡ್ ಸಹಜವಾಗಿದೆ. ಉಳಿದಿರುವುದು ಹೆಪ್ಪುರೋಧಕ ಔಷಧ ಬೇಕೇ ಎಂಬ ಪ್ರಶ್ನೆ. ಅದಕ್ಕೆ ವೈದ್ಯರು ಚಾಡ್ಸ್-ವಾಸ್ಕ್ ಎಂಬ ಅಂಕಪಟ್ಟಿಯನ್ನು ಬಳಸುತ್ತಾರೆ. ಹೃದಯ ವೈಫಲ್ಯ, ಬಿಪಿ, ಸಕ್ಕರೆ ಕಾಯಿಲೆ, ರಕ್ತನಾಳದ ಕಾಯಿಲೆ, 65ರಿಂದ 74ರ ವಯಸ್ಸು ಇವುಗಳಿಗೆ ಒಂದೊಂದು ಅಂಕ, 75 ದಾಟಿದ ವಯಸ್ಸಿಗೂ ಹಿಂದೆ ಆದ ಪಾರ್ಶ್ವವಾಯುವಿಗೂ ಎರಡೆರಡು ಅಂಕ. ಹೆಂಗಸರಿಗೆ ಹೆಚ್ಚುವರಿಯಾಗಿ ಕೊಡುತ್ತಿದ್ದ ಒಂದು ಅಂಕವನ್ನು ಯುರೋಪಿನ 2024ರ ಮಾರ್ಗಸೂಚಿ ಕೈಬಿಟ್ಟಿದೆ. ಆ ಹೊಸ ಲೆಕ್ಕದಲ್ಲಿ ಶಿಕ್ಷಕಿಗೆ ವಯಸ್ಸಿನ ಒಂದು ಮತ್ತು ಬಿಪಿಯ ಒಂದು ಸೇರಿ ಎರಡು ಅಂಕ, ಎರಡಿದ್ದರೆ ಔಷಧ ಕೊಡಬೇಕೆಂಬುದು ಶಿಫಾರಸು. ಬೆಂಗಳೂರಿನ 34ರ ಯುವಕನಿಗೆ ಲಯದೋಷ ನಿಜವೆಂದೇ ಸಾಬೀತಾದರೂ, ಬೇರೆ ಕಾಯಿಲೆ ಇಲ್ಲದಿದ್ದರೆ ಅವನ ಅಂಕ ಸೊನ್ನೆ. ಅವನಿಗೆ ಹೆಪ್ಪುರೋಧಕದ ಅಗತ್ಯವಿಲ್ಲ, ಮದ್ಯಪಾನ, ತೂಕ, ನಿದ್ರೆಗಳ ಕಡೆಗೆ ಗಮನ ಸಾಕಾಗಬಹುದು.

ಆದರೂ ಎರಡು ಅಂಕ ಬಂದಾಕ್ಷಣ ಮಾತು ಮುಗಿಯಿತು ಎನ್ನುವಂತಿಲ್ಲ. ಈ ಅಂಕಪಟ್ಟಿ ರೂಪುಗೊಂಡದ್ದು ಸಾಮಾನ್ಯ ಇಸಿಜಿಯಲ್ಲೇ ಲಯದೋಷ ಕಂಡುಬಂದ ರೋಗಿಗಳಿಂದ. ಯಂತ್ರಗಳು ಮಾತ್ರ ಹಿಡಿಯುವ ಚಿಕ್ಕ ಅವಧಿಯ ಲಯದೋಷದಲ್ಲಿ ಅಪಾಯ ಕಡಿಮೆ. ಎದೆಯಲ್ಲಿ ಅಳವಡಿಸಿದ ಪೇಸ್‌ಮೇಕರಿನಂತಹ ಸಾಧನಗಳು ಪತ್ತೆ ಹಚ್ಚಿದ, ಆರು ನಿಮಿಷದಿಂದ 24 ಗಂಟೆಯವರೆಗಿನ ಲಯದೋಷ ಇದ್ದ ನಾಲ್ಕು ಸಾವಿರ ಮಂದಿಯಲ್ಲಿ ನಡೆದ ಆರ್ಟೇಸಿಯಾ ಪ್ರಯೋಗದ ಫಲಿತಾಂಶ 2023ರಲ್ಲಿ ಬಂದಿತು. ವರ್ಷಕ್ಕೆ ಸಾವಿರ ಜನರಲ್ಲಿ ಆಸ್ಪಿರಿನ್ ಪಡೆದವರಲ್ಲಿ ಸುಮಾರು 12 ಪಾರ್ಶ್ವವಾಯುಗಳಾದರೆ ಏಪಿಕ್ಸಾಬಾನ್ ಪಡೆದವರಲ್ಲಿ ಸುಮಾರು 8 ಆದವು. ಅದೇ ಹೊತ್ತಿಗೆ ಗಂಭೀರ ರಕ್ತಸ್ರಾವ ಸುಮಾರು 9ರಿಂದ 17ಕ್ಕೆ ಏರಿತು. ಅದೇ ವರ್ಷದ ನೋಆ ಎಂಬ ಇನ್ನೊಂದು ಪ್ರಯೋಗವನ್ನು, ಲಾಭ ಕಾಣದೆ ರಕ್ತಸ್ರಾವ ಹೆಚ್ಚಿದ್ದರಿಂದ, ನಡುವೆಯೇ ನಿಲ್ಲಿಸಲಾಯಿತು. ಪಾರ್ಶ್ವವಾಯುವಿನಿಂದ ಕಳೆದುಕೊಂಡ ಮಾತು ಮತ್ತು ಕೈಕಾಲಿನ ಬಲ ಮರಳದಿರಬಹುದು, ಹೊಟ್ಟೆಯಲ್ಲಾದ ರಕ್ತಸ್ರಾವವನ್ನು ಹೆಚ್ಚಿನ ಸಂದರ್ಭಗಳಲ್ಲಿ ಸರಿಪಡಿಸಬಹುದು, ಆದ್ದರಿಂದ ಈ ಎರಡು ಬಗೆಯ ಅಂಕಿಗಳನ್ನು ಬರೀ ಕೂಡಿ ಕಳೆಯಲಾಗದು. ವಾಚಿನ ಸೂಚನೆ ಬಂದು ಇಸಿಜಿಯಲ್ಲಿ ದೃಢಪಟ್ಟ ಲಯದೋಷ, ಸಾಮಾನ್ಯ ಇಸಿಜಿಯಲ್ಲೇ ಕಂಡುಬರುವುದಕ್ಕೂ ಅಳವಡಿಸಿದ ಸಾಧನ ಮಾತ್ರ ಹಿಡಿಯುವುದಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ಎಷ್ಟು ಹೊತ್ತು ಇರುತ್ತದೆ, ಎಷ್ಟು ಸಲ ಬರುತ್ತದೆ, ಹಿಂದೆ ಹೊಟ್ಟೆ ಹುಣ್ಣು ಅಥವಾ ರಕ್ತಸ್ರಾವ ಆಗಿತ್ತೇ, ಬಿಪಿ ಹತೋಟಿಯಲ್ಲಿದೆಯೇ ಎಂಬುದನ್ನೆಲ್ಲ ಮುಂದಿಟ್ಟುಕೊಂಡು ರೋಗಿಯ ಜೊತೆ ಮಾತನಾಡಿ ತೀರ್ಮಾನಿಸಬೇಕಾದ ವಿಷಯವಿದು. ಶಿಕ್ಷಕಿಗೆ ವಾಚು ಎರಡು ವಾರಗಳಲ್ಲಿ ಇನ್ನೂ ಮೂರು ಸಲ ಸೂಚನೆ ಕೊಟ್ಟಿದೆ, ಹಿಂದೆ ರಕ್ತಸ್ರಾವ ಆಗಿಲ್ಲ, ಕ್ರಿಯಾಟಿನಿನ್ ಸಹಜವಾಗಿದೆ. ತಜ್ಞರು ಏಪಿಕ್ಸಾಬಾನ್ ದಿನಕ್ಕೆ ಎರಡು ಹೊತ್ತು ಬರೆದುಕೊಡುತ್ತಾರೆ, ಬಿಪಿ ಮಾತ್ರೆಯನ್ನು ಮುಂದುವರಿಸುತ್ತಾರೆ, ಮಂಡಿ ನೋವಿಗೆ ಅಂಗಡಿಯಿಂದ ಕೇಳಿ ತರುತ್ತಿದ್ದ ನೋವಿನ ಮಾತ್ರೆಯನ್ನು ನಿಲ್ಲಿಸಲು ಹೇಳುತ್ತಾರೆ, ಏಕೆಂದರೆ ಅದು ಏಪಿಕ್ಸಾಬಾನ್ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಏರುತ್ತದೆ. ಲಯ ಸರಿಯಿದ್ದ ದಿನಗಳಲ್ಲೂ ಏಪಿಕ್ಸಾಬಾನ್ ಮಾತ್ರೆಯನ್ನು ಬಿಡಬಾರದು ಎಂಬುದನ್ನೂ ಒತ್ತಿ ಹೇಳುತ್ತಾರೆ.

ರೋಗ ಖಚಿತವಾದ ಮೇಲೆ ವಾಚಿನ ಪಾತ್ರ ಬದಲಾಗುತ್ತದೆ. ಆಪಲ್ ವಾಚಿನ ಲಯ ಸೂಚನೆಯನ್ನು ರೂಪಿಸಿರುವುದೇ ಏಟ್ರಿಯಲ್ ಫಿಬ್ರಿಲೇಷನ್ ಇದೆಯೆಂದು ಇನ್ನೂ ಗೊತ್ತಿಲ್ಲದ, 22 ವರ್ಷ ದಾಟಿದವರಿಗಾಗಿ, ರೋಗ ಗೊತ್ತಾದವರಿಗಾಗಿ ಅಲ್ಲ. ಆದರೂ ಅದನ್ನು ಹಾಗೆಯೇ ಉಳಿಸಿಕೊಂಡು ದಿನವಿಡೀ ಇಸಿಜಿ ತೆಗೆಯುತ್ತ ಕೂರುವವರಿದ್ದಾರೆ. ಎಪ್ಪತ್ತು ವರ್ಷದ ಒಬ್ಬ ಅಮೆರಿಕನ್ ಮಹಿಳೆ, ಬಂದು ಹೋಗುವ ಏಟ್ರಿಯಲ್ ಫಿಬ್ರಿಲೇಷನ್ ಇದ್ದವರು, ಒಂದು ವರ್ಷದಲ್ಲಿ 916 ಸಲ ವಾಚಿನಲ್ಲಿ ಇಸಿಜಿ ತೆಗೆದುಕೊಂಡ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಅವರ ಹೃದಯದ ಸ್ಥಿತಿ ಕೆಟ್ಟಿರಲಿಲ್ಲ, ಆದರೆ ಆತಂಕ ಅವರ ಬದುಕನ್ನೇ ಆವರಿಸಿತ್ತು. ಶಿಕ್ಷಕಿಯ ತಜ್ಞರು ಕೇಳಿಕೊಂಡದ್ದು ಇಷ್ಟು: ಎದೆ ಹೊಡೆದುಕೊಂಡಂತೆ ಅಥವಾ ಸುಸ್ತಾದಂತೆ ಅನ್ನಿಸಿದಾಗ ಮಾತ್ರ ಒಂದು ಇಸಿಜಿ, ದಿನಾಂಕ ಮತ್ತು ಲಕ್ಷಣದ ಸಮೇತ. ಮೂರು ತಿಂಗಳ ನಂತರದ ಭೇಟಿಗೆ ಅವರು ತಂದ ನೋಟುಪುಸ್ತಕದಲ್ಲಿ ಐದು ಸಾಲುಗಳಿದ್ದವು.